ಏನೂ ಮಾಡದಿದ್ದರೆ ಎಷ್ಟಾಗುತ್ತಿತ್ತು?

ನಮ್ಮ ಕಾಲೇಜಿನ ಮಧ್ಯಾಹ್ನದ ಬಿಡುವಿನಲ್ಲಿ ಕ್ರಿಕೆಟ್ ಬಿಟ್ಟರೆ ಹೆಚ್ಚು ಕೇಳಿಬರುವ ಮಾತು ಬಿಟ್‌ಕಾಯಿನ್‌ದು. ಕೆ.ಆರ್. ಪೇಟೆಯಿಂದ ಬರುವವರ ಮೊಬೈಲಿನಲ್ಲೂ, ಪಾಂಡವಪುರದಿಂದ ಬರುವವರ ಮೊಬೈಲಿನಲ್ಲೂ ಒಂದೇ ಬಗೆಯ ಸ್ಕ್ರೀನ್‌ಶಾಟ್ ಇರುತ್ತದೆ. ಹಸಿರು ಬಣ್ಣದ ಅಂಕಿ, ಅದರ ಮುಂದೆ ಒಂದು ಪ್ಲಸ್ ಗುರುತು. ಕೆಂಪು ಬಣ್ಣದ ಸ್ಕ್ರೀನ್‌ಶಾಟನ್ನು ಇದುವರೆಗೆ ಯಾರೂ ನನಗೆ ತೋರಿಸಿಲ್ಲ. ಆ ಹಸಿರು ಅಂಕಿಯ ಹಿಂದೆ ನಿಜವಾಗಿ ಏನಿರುತ್ತದೆ ಎಂಬುದನ್ನು ನಮ್ಮ ಮನೆಯದೇ ಲೆಕ್ಕದಿಂದ ಹೇಳುತ್ತೇನೆ. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಭಾಯ್‌ನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಭಾಯ್‌ಗೆ ಪಾಂಡವಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿದೆ. ನಾವು ಇರುವುದು ಶ್ರೀರಂಗಪಟ್ಟಣದಲ್ಲಿ. ಆತ 2024ರ ಏಪ್ರಿಲ್ 1ರಂದು 40,000 ರೂಪಾಯಿ ಹಾಕಿ ಒಂದು ಆ್ಯಪ್‌ನಲ್ಲಿ ಕಾಯಿನ್ ವ್ಯಾಪಾರ ಶುರು ಮಾಡಿದ. ಅದೇ ಸೆಪ್ಟೆಂಬರ್ ಮೊದಲ ವಾರದಲ್ಲಿ ಇನ್ನೂ 20,000 ಸೇರಿಸಿದ. ಆ 20,000 ನನ್ನ ಬಿ.ಕಾಂ. ಪ್ರವೇಶಕ್ಕೆಂದು ಅಮ್ಮಿ ತೆಗೆದಿಟ್ಟಿದ್ದ ಹಣ. ಇದು ನನಗೆ ಗೊತ್ತಾದದ್ದು 2025ರ ಜುಲೈನಲ್ಲಿ. ಆದಾಯ ತೆರಿಗೆ ರಿಟರ್ನ್ ತುಂಬಲು ಆತ ಆ್ಯಪ್‌ನಿಂದ ಇಡೀ ವರ್ಷದ ವಹಿವಾಟಿನ ಪಟ್ಟಿ ಇಳಿಸಿಕೊಂಡು, "ನೀನು ಅಕೌಂಟೆನ್ಸಿ ಓದುತ್ತೀಯಲ್ಲ, ಇದನ್ನು ಸ್ವಲ್ಪ ಕೂಡಿ ಕೊಡು" ಎಂದು ನನ್ನ ಕೈಗೆ ಕೊಟ್ಟಾಗ.

ಪಟ್ಟಿಯಲ್ಲಿ 46 ಮಾರಾಟಗಳಿದ್ದವು. 27ರಲ್ಲಿ ಲಾಭ, 19ರಲ್ಲಿ ನಷ್ಟ. ಲಾಭಗಳನ್ನೆಲ್ಲ ಕೂಡಿದರೆ 21,400 ರೂಪಾಯಿ. ನಷ್ಟಗಳನ್ನೆಲ್ಲ ಕೂಡಿದರೆ 17,900. ಕಳೆದರೆ 3,500 ಉಳಿಯುತ್ತದೆ. ಆ್ಯಪ್ ತೋರಿಸುತ್ತಿದ್ದ ಹಸಿರು ಅಂಕಿ ಇದೇ. ಭಾಯ್ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ ಮಾತೂ ಇದೇ: "ಹತ್ತರಲ್ಲಿ ಆರು ಸಲ ಗೆದ್ದಿದ್ದೇನೆ, ಮೂರೂವರೆ ಸಾವಿರ ಲಾಭ." ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಲೆಕ್ಕ ಅಲ್ಲಿಗೆ ಮುಗಿದಿರಲಿಲ್ಲ.

ಮೊದಲು ಆ್ಯಪ್‌ನ ಶುಲ್ಕ ನೋಡೋಣ. ಆತ ಬಳಸುತ್ತಿದ್ದ ಆ್ಯಪ್ ಕೊಂಡಾಗಲೂ ಮಾರಿದಾಗಲೂ, ಜಿಎಸ್‌ಟಿ ಸೇರಿ ನೂರು ರೂಪಾಯಿಗೆ ಸುಮಾರು 30 ಪೈಸೆ ಹಿಡಿಯುತ್ತಿತ್ತು. ಕೇಳಲು ಇದು ಏನೂ ಅಲ್ಲ. ಆದರೆ ಒಂದೊಂದು ಮಾರಾಟವೂ ಸರಾಸರಿ 18,000 ರೂಪಾಯಿಯದು. ಅಂಥವು 46 ಎಂದರೆ ವರ್ಷದ ಒಟ್ಟು ಮಾರಾಟ 8,28,000 ರೂಪಾಯಿ. ಹಾಕಿದ ಹಣ 60,000, ಓಡಾಡಿದ ಹಣ ಎಂಟು ಲಕ್ಷಕ್ಕೂ ಮಿಕ್ಕಿದ್ದು. ಶುಲ್ಕ ಬೀಳುವುದು ಹಾಕಿದ ಹಣದ ಮೇಲಲ್ಲ, ಓಡಾಡಿದ ಹಣದ ಮೇಲೆ. ಎರಡೂ ಬದಿ ಸೇರಿ ಅದು 4,968 ರೂಪಾಯಿ ಆಗಿತ್ತು. ಅಲ್ಲಿಗೆ ಮೂರೂವರೆ ಸಾವಿರದ ಲಾಭ ಮುಗಿದು, ಸುಮಾರು ಒಂದೂವರೆ ಸಾವಿರದ ನಷ್ಟ ಶುರುವಾಗಿತ್ತು.

ಆಮೇಲೆ ತೆರಿಗೆ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಭಾಗ ಇದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. 2022ರ ಏಪ್ರಿಲ್ 1ರಿಂದ ಬಿಟ್‌ಕಾಯಿನ್‌ನಂಥ ಆಸ್ತಿಗಳ ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ 115ಬಿಬಿಎಚ್ ಎಂಬ ಕಲಂ ಅನ್ವಯಿಸುತ್ತಿತ್ತು. ಅದರಂತೆ ಲಾಭದ ಮೇಲೆ ಶೇ. 30 ತೆರಿಗೆ. ಅದರ ಮೇಲೆ ಶೇ. 4 ಸೆಸ್ ಸೇರಿದರೆ ಶೇ. 31.2. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ವಹಿವಾಟಿನ ನಷ್ಟವನ್ನು ಇನ್ನೊಂದು ವಹಿವಾಟಿನ ಲಾಭದಿಂದ ಕಳೆಯುವಂತಿಲ್ಲ. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ನಾವು ಕ್ಲಾಸಿನಲ್ಲಿ ಕಲಿಯುವ ಲಾಭ–ನಷ್ಟ ಖಾತೆಯಲ್ಲಿ ಎಡಗಡೆ ನಷ್ಟ, ಬಲಗಡೆ ಲಾಭ, ಕೊನೆಗೆ ಎರಡರ ವ್ಯತ್ಯಾಸ. ಇಲ್ಲಿ ಎಡಗಡೆಯೇ ಇಲ್ಲ. ಭಾಯ್‌ನ ನಿವ್ವಳ ಲಾಭ 3,500ರ ಮೇಲೆ ತೆರಿಗೆ ಹಾಕಿದ್ದರೆ 1,092 ರೂಪಾಯಿ ಆಗುತ್ತಿತ್ತು. ಆದರೆ ತೆರಿಗೆ ಬೀಳುವುದು ಗೆದ್ದ 27 ವಹಿವಾಟುಗಳ 21,400ರ ಮೇಲೆ. ಅದು 6,677 ರೂಪಾಯಿ. ಸೋತ 19 ವಹಿವಾಟುಗಳು ತೆರಿಗೆಯ ಕಣ್ಣಿಗೆ ನಡೆದೇ ಇಲ್ಲ.

ಈಗ ಕೂಡಿ ನೋಡಿ. 3,500 ಲಾಭ, ಅದರಲ್ಲಿ 4,968 ಶುಲ್ಕ, 6,677 ತೆರಿಗೆ. ಕೊನೆಗೆ ಉಳಿದದ್ದು 8,145 ರೂಪಾಯಿ ನಷ್ಟ. 60,000 ಹಾಕಿದವನ ಕೈಯಲ್ಲಿ 51,855.

ಇಲ್ಲೊಂದು ಕಡೆ ನಾನೇ ಮೊದಲ ಸಲ ತಪ್ಪು ಮಾಡಿದೆ, ನೀವು ಮಾಡಬೇಡಿ. 2022ರ ಜುಲೈ 1ರಿಂದ ಪ್ರತಿ ಮಾರಾಟದಲ್ಲೂ ಶೇ. 1 ಟಿಡಿಎಸ್ ಹಿಡಿಯುತ್ತಾರೆ. ಲಾಭವಾಗಲಿ ನಷ್ಟವಾಗಲಿ, ಮಾರಿದ ಪೂರ್ತಿ ಮೊತ್ತದ ಮೇಲೆ. ಭಾಯ್‌ನ 8,28,000ರ ಮೇಲೆ ಅದು 8,280 ರೂಪಾಯಿ. ನಾನು ಇದನ್ನೂ ನಷ್ಟದ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಟಿಡಿಎಸ್ ಬೇರೆ ತೆರಿಗೆಯಲ್ಲ, ಕೊಡಬೇಕಾದ ತೆರಿಗೆಗೆ ಮುಂಚೆಯೇ ಜಮೆಯಾದ ಹಣ. 8,280ರಲ್ಲಿ 6,677 ತೆರಿಗೆಗೆ ಹೋಗಿ, 1,603 ರೂಪಾಯಿ ರಿಟರ್ನ್ ತುಂಬಿದ ಮೇಲೆ ವಾಪಸ್ ಬರಬೇಕು. ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡಲು ಆ್ಯಪ್‌ನಲ್ಲಿ ಮಾರ್ಚ್ 31ಕ್ಕೆ ಉಳಿದಿದ್ದ ಹಣ ನೋಡಿದೆ: 50,252. ಅದಕ್ಕೆ ವಾಪಸ್ ಬರುವ 1,603 ಸೇರಿಸಿದರೆ ಸರಿಯಾಗಿ 51,855. ಎರಡು ದಾರಿಯಿಂದ ಬಂದರೂ ಒಂದೇ ಮೊತ್ತ ಬಂದಾಗ ಮಾತ್ರ ನನಗೆ ಧೈರ್ಯ ಬಂತು. ರಿಟರ್ನ್ ತುಂಬದವರಿಗೆ ಆ 1,603ರ ಆಸೆಯೂ ಇಲ್ಲ.

ಇಷ್ಟನ್ನು ಭಾಯ್‌ಗೆ ತೋರಿಸಿದಾಗ ಆತ ಹೇಳಿದ್ದು, "ಹೋಗಲಿ ಬಿಡು, ಕಳೆದ ವರ್ಷ ಮಾರ್ಕೆಟ್ಟೇ ಹಾಗಿತ್ತು, ಎಲ್ಲರಿಗೂ ನಷ್ಟ." ಈ ಮಾತು ನಿಜವೇ ಎಂದು ನೋಡದೆ ವರ್ಷದ ಲೆಕ್ಕ ಮುಗಿಯುವುದಿಲ್ಲ. ಮಾರ್ಕೆಟ್ಟನ್ನು ದೂರುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಅದೇ ಹಣ, ಅದೇ ದಿನಗಳಲ್ಲಿ, ಬರೀ ಬಿಟ್‌ಕಾಯಿನ್ ಕೊಂಡು ಸುಮ್ಮನಿದ್ದಿದ್ದರೆ ಎಷ್ಟಾಗುತ್ತಿತ್ತು?

ಇಲ್ಲಿ "ಅದೇ ದಿನಗಳಲ್ಲಿ" ಎಂಬುದು ಮುಖ್ಯ. ಪೂರ್ತಿ 60,000ವನ್ನೂ ಏಪ್ರಿಲ್ 1ಕ್ಕೇ ಹಾಕಿದಂತೆ ಲೆಕ್ಕ ಹಿಡಿದರೆ ಅದು ಮೋಸದ ಹೋಲಿಕೆ, ಏಕೆಂದರೆ ಆ ದಿನ ಅವನ ಬಳಿ ಅಷ್ಟು ಹಣ ಇರಲೇ ಇಲ್ಲ. ಡಾಲರ್ ಬೆಲೆಯನ್ನು ರೂಪಾಯಿಗೆ ತಂದರೆ 2024ರ ಏಪ್ರಿಲ್ 1ರಂದು ಒಂದು ಬಿಟ್‌ಕಾಯಿನ್ ಸುಮಾರು 59 ಲಕ್ಷ ರೂಪಾಯಿ. 40,000ಕ್ಕೆ 0.00678 ಬಿಟ್‌ಕಾಯಿನ್ ಬರುತ್ತಿತ್ತು. ಸೆಪ್ಟೆಂಬರ್ ಮೊದಲಿಗೆ ಬೆಲೆ ಸುಮಾರು 48 ಲಕ್ಷ. 20,000ಕ್ಕೆ 0.00417. ಎರಡೂ ಸೇರಿ 0.01095. 2025ರ ಮಾರ್ಚ್ 31ರಂದು ಬೆಲೆ ಸುಮಾರು 70 ಲಕ್ಷ. ಗುಣಿಸಿದರೆ ಸುಮಾರು 76,600 ರೂಪಾಯಿ.

ಮಾರದೆ ಇಟ್ಟುಕೊಂಡರೆ ಆ ವರ್ಷ ತೆರಿಗೆಯೂ ಇಲ್ಲ. ಆದರೆ ನಾನು ಹೋಲಿಕೆಯನ್ನು ಭಾಯ್‌ನ ಪರವಾಗಿಯೇ ಮಾಡೋಣ ಎಂದು, ಸುಮ್ಮನಿದ್ದವನೂ ಮಾರ್ಚ್ 31ಕ್ಕೆ ಎಲ್ಲವನ್ನೂ ಮಾರಿದ ಎಂದುಕೊಂಡೆ. 16,600 ಲಾಭದ ಮೇಲೆ ಶೇ. 31.2 ಎಂದರೆ 5,179. ಅದನ್ನು ಕಳೆದರೂ ಕೈಯಲ್ಲಿ ಸುಮಾರು 71,400. ಕೊಳ್ಳುವ, ಮಾರುವ ಶುಲ್ಕಕ್ಕೆ ಇನ್ನು ನಾಲ್ಕೈದು ನೂರು ಹೋಗಲಿ. ಆಗಲೂ 46 ಸಲ ಕೊಂಡು ಮಾರಿದವನಿಗೂ ಎರಡು ಸಲ ಕೊಂಡು ಸುಮ್ಮನಿದ್ದವನಿಗೂ ನಡುವೆ ಸುಮಾರು 19,000 ರೂಪಾಯಿ ಅಂತರ. ಅಮ್ಮಿ ಕೂಡಿಟ್ಟಿದ್ದ ಮೊತ್ತಕ್ಕೆ ಹತ್ತಿರ ಹತ್ತಿರ ಅಷ್ಟೇ.

ಭಾಯ್ ಸುಮ್ಮನಿದ್ದವನನ್ನು ಸರಿಗಟ್ಟಬೇಕಿದ್ದರೆ ಎಷ್ಟು ಗೆಲ್ಲಬೇಕಿತ್ತು ಎಂದೂ ನೋಡಿದೆ. ಅವನ ನಷ್ಟ, ಶುಲ್ಕ ಹಾಗೆಯೇ ಇದ್ದು, ಗೆಲುವಿನ ಪ್ರತಿ ನೂರರಲ್ಲಿ 31 ರೂಪಾಯಿ 20 ಪೈಸೆ ತೆರಿಗೆಗೆ ಹೋಗುವಾಗ, ಗೆಲುವಿನ ಮೊತ್ತ 21,400 ಅಲ್ಲ, ಸುಮಾರು 49,800 ಆಗಬೇಕಿತ್ತು. ಎರಡು ಪಟ್ಟಿಗೂ ಹೆಚ್ಚು.

ಹಾಗಾದರೆ ಹತ್ತರಲ್ಲಿ ಆರು ಸಲ ಗೆದ್ದವನು ಸೋತದ್ದು ಹೇಗೆ? ಪಟ್ಟಿಯನ್ನು ದಿನಾಂಕದ ಪ್ರಕಾರ ಓದಿದಾಗ ಅದು ಕಾಣಿಸಿತು. ಗೆದ್ದ ವಹಿವಾಟಿನ ಸರಾಸರಿ ಲಾಭ 793 ರೂಪಾಯಿ, ಸೋತದ್ದರ ಸರಾಸರಿ ನಷ್ಟ 942. ಸ್ವಲ್ಪ ಏರಿದ ಕೂಡಲೇ "ಲಾಭ ಕೈಗೆ ಬರಲಿ" ಎಂದು ಮಾರುವುದು, ಇಳಿದದ್ದನ್ನು "ಇಂದಲ್ಲ ನಾಳೆ ಏರುತ್ತದೆ" ಎಂದು ಇಟ್ಟುಕೊಳ್ಳುವುದು. ಎರಡೇ ಎರಡು ವಹಿವಾಟುಗಳು ಒಟ್ಟು ನಷ್ಟದ ಅರ್ಧದಷ್ಟನ್ನು ತಂದಿದ್ದವು. ಜುಲೈ ಕೊನೆಯಲ್ಲಿ ಸುಮಾರು 57 ಲಕ್ಷದ ಬೆಲೆಗೆ ಕೊಂಡದ್ದನ್ನು ಆಗಸ್ಟ್ 5ರಂದು, ಜಗತ್ತಿನ ಶೇರುಪೇಟೆಗಳೆಲ್ಲ ಕುಸಿದ ದಿನ, ಹೆದರಿ 42 ಲಕ್ಷದ ಲೆಕ್ಕದಲ್ಲಿ ಮಾರಿದ. ಒಂದೇ ದಿನ 4,700 ಹೋಯಿತು. ಅದನ್ನು ತುಂಬಿಸಿಕೊಳ್ಳಲೆಂದೇ ಸೆಪ್ಟೆಂಬರಿನ 20,000 ಬಂದದ್ದು.

ಎರಡನೆಯದು ಇನ್ನೂ ಪಾಠದಂತಿದೆ. ನವೆಂಬರ್ 6ರಂದು ಅಮೆರಿಕದ ಚುನಾವಣೆಯ ಫಲಿತಾಂಶ ಬಂದು ಬೆಲೆ ಏರಿದಾಗ ಆತ ಇದ್ದದ್ದನ್ನೆಲ್ಲ ಮಾರಿದ, ಇಳಿದಾಗ ಮತ್ತೆ ಕೊಳ್ಳೋಣ ಎಂದು. ಬೆಲೆ ಇಳಿಯಲಿಲ್ಲ. ಒಂದು ವಾರದಲ್ಲಿ 90,000 ಡಾಲರ್ ದಾಟಿತು, ಡಿಸೆಂಬರ್ ಮೊದಲ ವಾರದಲ್ಲಿ ಒಂದು ಲಕ್ಷ ಡಾಲರ್ ದಾಟಿತು. ವರ್ಷದ ದೊಡ್ಡ ಏರಿಕೆ ಈ ಕೆಲವೇ ವಾರಗಳದು. ಆ ವಾರಗಳಲ್ಲಿ ಭಾಯ್ ಹೊರಗಿದ್ದ. ಕಾದು ಕಾದು ಡಿಸೆಂಬರ್ ಮಧ್ಯದಲ್ಲಿ ಸುಮಾರು 90 ಲಕ್ಷದ ಬೆಲೆಗೆ ಕೊಂಡ. ಫೆಬ್ರವರಿ ಕೊನೆಯಲ್ಲಿ 70 ಲಕ್ಷದ ಲೆಕ್ಕದಲ್ಲಿ ಮಾರಿದ. ಅಲ್ಲಿ 4,000 ಹೋಯಿತು.

ಇದು ನಮ್ಮ ಭಾಯ್ ಒಬ್ಬನ ಕತೆಯಲ್ಲ. ಬ್ರಾಡ್ ಬಾರ್ಬರ್ ಮತ್ತು ಟೆರನ್ಸ್ ಓಡೀನ್ ಎಂಬ ಇಬ್ಬರು ಪ್ರಾಧ್ಯಾಪಕರು ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಶೇರು ವಹಿವಾಟನ್ನು ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದರು. ಅತಿ ಹೆಚ್ಚು ಕೊಂಡು ಮಾರಿದವರಿಗೆ ವರ್ಷಕ್ಕೆ ಶೇ. 11.4 ಸಿಕ್ಕಿತ್ತು. ಅದೇ ಕಾಲದಲ್ಲಿ ಪೇಟೆ ಕೊಟ್ಟದ್ದು ಶೇ. 17.9. ಅಲ್ಲಿ ನಮ್ಮ 115ಬಿಬಿಎಚ್ ಇರಲಿಲ್ಲ ಎಂಬುದನ್ನೂ ನೆನಪಿಡಿ.

ಸುಮ್ಮನಿದ್ದವನೊಬ್ಬ ನಮ್ಮ ಬಳಗದಲ್ಲೇ ಇದ್ದಾನೆ. ನಾಗಮಂಗಲದಲ್ಲಿರುವ ಖಾಲಾ ಮಗ ಭಾಯ್‌ನ ಜೊತೆ ಅದೇ ದಿನ 10,000 ಹಾಕಿದ್ದ. ಸ್ವಲ್ಪ ದಿನಕ್ಕೆ ಫೋನಿನಲ್ಲಿ ಜಾಗ ಸಾಲದೆ ಆ್ಯಪನ್ನೇ ತೆಗೆದುಹಾಕಿ ಮರೆತುಬಿಟ್ಟ. ಆಗಸ್ಟ್ 5ರಂದು ಅವನ ಹಣ ಸುಮಾರು 7,000ಕ್ಕೆ ಇಳಿದಿತ್ತು, ಡಿಸೆಂಬರಿನಲ್ಲಿ 14,000 ದಾಟಿತ್ತು, ವರ್ಷದ ಕೊನೆಗೆ ಸುಮಾರು 11,800. ಇಳಿದಾಗ ಹೆದರಲಿಲ್ಲ, ಏರಿದಾಗ ಕುಣಿಯಲಿಲ್ಲ, ಏಕೆಂದರೆ ನೋಡಲೇ ಇಲ್ಲ. ಇದನ್ನು ಜಾಣತನ ಎಂದು ನಾನು ಹೇಳುವುದಿಲ್ಲ. ಅವನೂ ಹೇಳುವುದಿಲ್ಲ.

ಅಬ್ಬಾ ಈ ಲೆಕ್ಕ ಕೇಳಿ ಹೇಳಿದ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. "ಬಕ್ರೀದ್‌ಗೆಂದು ಬನ್ನೂರು ಮರಿ ತಂದವನು ಹುಲ್ಲು ಹಾಕಿ ಸಾಕುತ್ತಾನೆ. ಅದನ್ನೇ ಪ್ರತಿ ವಾರ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಬೇರೆ ಮರಿ ಕೊಂಡು ಬಂದರೆ? ಗಾಡಿ ಬಾಡಿಗೆ, ಸುಂಕ, ದಲ್ಲಾಳಿ. ಬಕ್ರೀದ್ ಹೊತ್ತಿಗೆ ಮರಿಯ ಒಂದು ಕಾಲು ಅವರದೇ ಆಗಿರುತ್ತದೆ."

ಆದರೆ ಅಬ್ಬಾನ ಮಾತಿಗೂ ಒಂದು ಮಿತಿ ಇದೆ. ಸಾಕಿದ ಮರಿಯೂ ಸಾಯಬಹುದು. 2022ರ ಜನವರಿಯಲ್ಲಿ ಬಿಟ್‌ಕಾಯಿನ್ ಸುಮಾರು 46,000 ಡಾಲರ್ ಇತ್ತು, ಆ ಡಿಸೆಂಬರಿನಲ್ಲಿ ಸುಮಾರು 16,500. ಆ ವರ್ಷ ಸುಮ್ಮನಿದ್ದವನ ನೂರು ಡಾಲರ್ 36 ಆಯಿತು. ಆ ವರ್ಷ ಮಾರಿ ಹೊರಗೆ ಕೂತಿದ್ದ ವ್ಯಾಪಾರಿಯೇ ಗೆದ್ದವನು. ಇಟ್ಟುಕೊಳ್ಳುವುದಕ್ಕೂ ಎಲ್ಲಿ ಇಡುತ್ತೇವೆ ಎಂಬ ಚಿಂತೆ ಇದ್ದೇ ಇದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್‌ಗಳನ್ನು ಹ್ಯಾಕರ್‌ಗಳು ಕದ್ದರು. ಕಂಪನಿ ಹಣ ತೆಗೆಯುವುದನ್ನು ನಿಲ್ಲಿಸಿತು. ಅಲ್ಲಿ ಇಟ್ಟುಕೊಂಡು ಸುಮ್ಮನಿದ್ದವರಿಗೆ ಬೆಲೆ ಏರಿದ್ದೂ ಕೈಗೆ ಸಿಗಲಿಲ್ಲ. ಆದ್ದರಿಂದ "ಬಿಟ್‌ಕಾಯಿನ್ ಕೊಂಡು ಇಟ್ಟುಕೊಳ್ಳಿ" ಎಂದು ನಾನು ಬರೆಯುತ್ತಿಲ್ಲ. ಒಂದು ವರ್ಷದ ಲೆಕ್ಕ ಮುಂದಿನ ವರ್ಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಾನು ಹೇಳುವುದು ಬೇರೆ. ಕೊಂಡು ಮಾರುವವನು ವರ್ಷಪೂರ್ತಿ ಸಮಯ, ನಿದ್ದೆ, ಅಂಗಡಿಯ ಗಮನ ಎಲ್ಲವನ್ನೂ ಕೊಡುತ್ತಾನೆ. ಅದಕ್ಕೆ ಪ್ರತಿಫಲ ಸಿಕ್ಕಿತೇ ಎಂದು ತಿಳಿಯಬೇಕಾದರೆ ಸೊನ್ನೆಯ ಜೊತೆ ಹೋಲಿಸಿದರೆ ಸಾಲದು. ಬೆಲೆ ಏರಿದ ವರ್ಷದಲ್ಲಿ ಎಲ್ಲರ ಸ್ಕ್ರೀನ್‌ಶಾಟೂ ಹಸಿರಾಗಿರುತ್ತದೆ. ಏನೂ ಮಾಡದವನಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಸಿಕ್ಕಿದ್ದರೆ ಮಾತ್ರ ಅದು ಅವನ ಕೈಚಳಕ. ಬೆಲೆ ಬಿದ್ದ ವರ್ಷದಲ್ಲೂ ಇದೇ ಅಳತೆ ಅವನ ಪರವಾಗಿ ಕೆಲಸ ಮಾಡುತ್ತದೆ: ಸುಮ್ಮನಿದ್ದವನು 64 ಕಳೆದುಕೊಂಡಾಗ ಇವನು 20 ಕಳೆದುಕೊಂಡಿದ್ದರೆ ಅದನ್ನು ಸೋಲು ಎನ್ನಲಾಗದು. ಅಳತೆಗೋಲು ಎರಡೂ ಕಡೆಗೂ ನ್ಯಾಯ ಹೇಳುತ್ತದೆ. ಆದರೆ ಆ ಸಾಲು ಯಾವ ಸ್ಕ್ರೀನ್‌ಶಾಟಿನಲ್ಲೂ ಇರುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ಸಹಪಾಠಿಗಳಿಗೆ ಇನ್ನೊಂದು ಮಾತು. ನಮಗೆ ಹದಿನೆಂಟು ತುಂಬದಿರುವುದರಿಂದ ಕೆಲವರು ಅಮ್ಮನ ಅಥವಾ ಅಣ್ಣನ ಪ್ಯಾನ್ ಕಾರ್ಡಿನಲ್ಲಿ ಖಾತೆ ತೆರೆದಿದ್ದೀರಿ. ನೀವು ಮಾರಿದಾಗಲೆಲ್ಲ ಹಿಡಿಯುವ ಶೇ. 1 ಟಿಡಿಎಸ್ ಅವರ ತೆರಿಗೆ ದಾಖಲೆಯಲ್ಲಿ ಸೇರುತ್ತದೆ. ಮಾರಾಟ ನಡೆದದ್ದು ಇಲಾಖೆಗೆ ಆಗಲೇ ಗೊತ್ತು. ನೀವು ಒಟ್ಟಿನಲ್ಲಿ ಸೋತಿದ್ದರೂ ಗೆದ್ದ ವಹಿವಾಟುಗಳ ತೆರಿಗೆ ಅವರ ಹೆಸರಿಗೆ ಬರುತ್ತದೆ. ಬಟ್ಟೆ ಹೊಲಿದು ಮನೆ ನಡೆಸುವ ತಾಯಿಯ ಹೆಸರಿಗೆ ಅಂಥದ್ದೊಂದು ಪತ್ರ ಬಂದರೆ ಅವರು ಅದನ್ನು ಯಾರ ಬಳಿ ಓದಿಸಬೇಕು?

ಭಾಯ್ ನನ್ನ ಪುಟವನ್ನು ಎರಡು ಸಲ ಓದಿದ. ಕೂಡಿಕೆಯಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ. ಸಿಟ್ಟು ಮಾಡಲಿಲ್ಲ. "ಆ 46 ಸಲ ನಾನು ಫೋನ್ ನೋಡುತ್ತಿದ್ದಾಗ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರಲ್ಲ, ಅದನ್ನು ನೀನು ಬರೆದೇ ಇಲ್ಲ" ಎಂದ. ಬರೆಯಲು ನನ್ನ ಬಳಿ ಅಂಕಿ ಇರಲಿಲ್ಲ. ಉಳಿದ ಹಣದಲ್ಲಿ ಮೊದಲು 20,000 ತೆಗೆದು ಅಮ್ಮಿಗೆ ವಾಪಸ್ ಕೊಟ್ಟಿದ್ದಾನೆ. ಮಿಕ್ಕದ್ದನ್ನು ಏನು ಮಾಡುತ್ತಾನೋ ಅವನಿಗೆ ಬಿಟ್ಟದ್ದು. ಆದರೆ ಈ ವರ್ಷದ ಪುಸ್ತಕದಲ್ಲಿ ಅವನೇ ಹೊಸದಾಗಿ ಒಂದು ಕಾಲಂ ಗೆರೆ ಎಳೆದಿದ್ದಾನೆ. ತಲೆಬರಹ: "ಏನೂ ಮಾಡದಿದ್ದರೆ."

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ